ಮಂಡಕ್ಕಿ ಹೊರುವ ಗಾಡಿಯೂ ನಮ್ಮಾಕೆಯ ಲೆಕ್ಕದ ಪುಸ್ತಕವೂ

ಬಾತಿಯಲ್ಲಿ ಮನೆ ಮಾಡಿಕೊಂಡವರ ಪಾಡು ಲಗೇಜ್ ಆಟೊದವರಿಗೆ ಚೆನ್ನಾಗಿ ಗೊತ್ತು. ದಾವಣಗೆರೆಯ ಆಟೊದವನಿಗೆ ಬಾತಿ ಎಂದರೆ ಹರಿಹರದ ಕಡೆ. ಹರಿಹರದವನಿಗೆ ಬಾತಿ ಎಂದರೆ ದಾವಣಗೆರೆ ಕಡೆ. ಎರಡೂ ಕಡೆಯವರು ಬಾಡಿಗೆ ಹೇಳುವಾಗ ಮಾತ್ರ ಒಂದೇ ತಾಯಿಯ ಮಕ್ಕಳು: "ವಾಪಸ್ ಖಾಲಿ ಬರ್ಬೇಕು ಸರ್." ಅಂದರೆ ಹೋಗುವ ಬಾಡಿಗೆಯೂ ನಮ್ಮದು, ಬಾರದ ಲೋಡಿನ ಬಾಡಿಗೆಯೂ ನಮ್ಮದು.

ನನ್ನದು ಮಂಡಕ್ಕಿ ವ್ಯಾಪಾರ. ದಾವಣಗೆರೆಯ ಭಟ್ಟಿಯಲ್ಲಿ ಚೀಲ ಎತ್ತಿ ಹರಿಹರದ ಅಂಗಡಿಗಳಿಗೆ ಹಾಕುವುದು. ಇದನ್ನು ನಾನು ಬೀಗರ ಎದುರು 'ಸಗಟು ವಿತರಣೆ' ಎನ್ನುತ್ತೇನೆ. ನಮ್ಮವ್ವ 'ಚೀಲ ಹೊರೋದು' ಎನ್ನುತ್ತಾಳೆ. ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿ ಒಂದು ರಾತ್ರಿ ಊಟದ ಹೊತ್ತಿಗೆ ಘೋಷಿಸಿದೆ: "ಈ ಬಾಡಿಗೆ ದುಡ್ಡಲ್ಲಿ ಸ್ವಂತ ಗಾಡಿನೇ ಬರ್ತದೆ. ಎಲೆಕ್ಟ್ರಿಕ್ ಗಾಡಿ ತಗೊಳ್ಳೋಣ. ನಾನೇ ಓಡಿಸ್ತೀನಿ."

ನಮ್ಮಾಕೆ ಸಾರು ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನನ್ನನ್ನು ನೋಡಿದಳು. ಸ್ಕೂಟರನ್ನು ಸ್ಟ್ಯಾಂಡ್ ಹಾಕುವಾಗ ಕಾಂಪೌಂಡಿಗೆ ಒರಗಿಸುವ ಮನುಷ್ಯ ನಾನು. ಆಕೆ ಅದನ್ನು ಎತ್ತಾಡಲಿಲ್ಲ. "ಲೆಕ್ಕ ಹಾಕಿದ್ದೀರಾ?" ಎಂದಳಷ್ಟೇ. ಓದುಗರೇ, ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಇದೇ ರಾಗದಲ್ಲಿ ಬರುತ್ತದೆಂದು ನನಗೆ ಗೊತ್ತು.

ಲೆಕ್ಕ ಹಾಕಿದೆ. ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಪಟ್ಟಿ ಮಾಡಿದೆ. ಕಂಪನಿಗಳು ಅಚ್ಚು ಹಾಕಿಸಿದ ಕಾಗದಗಳಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಹೊರುವ ತೂಕ. ಪಿಯಾಜಿಯೊ ಅಪೆಯ ಎಲೆಕ್ಟ್ರಿಕ್ ಗಾಡಿಗೆ 506 ಕೆಜಿ. ಮಹೀಂದ್ರ ಟ್ರಿಯೊ ಜೋರ್ ಬಂದಾಗ ಹೇಳಿದ್ದು 550. ಯೂಲರ್ ಹೈಲೋಡ್ 2021ರಲ್ಲಿ ಬಂದದ್ದೇ 688 ಕೆಜಿ ಎಂದು ತೊಡೆ ತಟ್ಟಿಕೊಂಡು. ನನ್ನ ಮನಸ್ಸು ತಕ್ಷಣ 688ಕ್ಕೆ ಹೋಗಿ ಕೂತಿತು. ಮನೆ ಮುಂದೆ ನಿಂತರೆ ಓಣಿಯವರು "ಎಷ್ಟು ಹೊರ್ತದೆ?" ಅಂತ ಕೇಳೇ ಕೇಳುತ್ತಾರೆ. ಐನೂರು ಎನ್ನುವುದಕ್ಕೂ ಏಳ್ನೂರು ಎನ್ನುವುದಕ್ಕೂ ಮೀಸೆಯ ಮಟ್ಟದಲ್ಲಿ ವ್ಯತ್ಯಾಸವಿದೆ.

"ಅಲ್ರೀ, ನಿಮ್ಮ ಮಂಡಕ್ಕಿ ಚೀಲ ಎಷ್ಟು ತೂಕ ಐತೆ?" ಎಂದಳು ನಮ್ಮಾಕೆ.

"ಹತ್ತು ಕೆಜಿ ಹತ್ತಿರ."

"ಗಾಡಿಯಾಗೆ ಎಷ್ಟು ಚೀಲ ಕೂಡ್ತಾವೆ?"

ಈ ತರಹದ ಗಾಡಿಗಳ ತೊಟ್ಟಿ ಸುಮಾರು 6 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಎಷ್ಟು ತುರುಕಿದರೂ, ಎಷ್ಟು ಎತ್ತರಕ್ಕೆ ಹಗ್ಗ ಬಿಗಿದರೂ 25 ಚೀಲ. ತೂಕ 250 ಕೆಜಿ.

"ಉಳಿದ ನಾನೂರು ಕೆಜಿ ಯಾರನ್ನ ಕೂರಿಸ್ಕೊಂಡು ಹೋಗ್ತೀರಿ?"

ಮಂಡಕ್ಕಿಯವನಿಗೆ ಬೇಕಾದದ್ದು ಜಾಗ, ತೂಕವಲ್ಲ ಎಂಬ ತತ್ವ ಹೀಗೆ ಸೌಟು ಹಿಡಿದ ಕೈಯಿಂದ ನನಗೆ ದೊರೆಯಿತು. ಭಟ್ಟಿಯಲ್ಲಿ ಇಷ್ಟು ವರ್ಷ ಆ ಚೀಲಗಳ ಮೇಲೇ ಕೂತು ಚಹಾ ಕುಡಿದವನು ನಾನು.

ಅಷ್ಟರಲ್ಲಿ ನನ್ನ ಭಾಮೈದ ಪ್ರವೇಶಿಸಿದ. ಪ್ರತಿ ಮನೆಗೂ ಅಗ್ಗದ ದಾರಿ ಗೊತ್ತಿರುವ ಒಬ್ಬ ಭಾಮೈದ ಇರುತ್ತಾನೆ. "ಮಾವ, ತೂಕ ಬೇಡ ಅಂದ್ರೆ ನಾಲ್ಕು ಲಕ್ಷ ಯಾಕೆ ಸುರೀತೀರಿ? ಇ-ಕಾರ್ಟ್ ತಗೊಳ್ಳಿ. ಅರ್ಧ ರೇಟು" ಎಂದು ಒಂದು ಕಡೆ ಕರೆದೊಯ್ದ. ಕಾನೂನಿನ ಪ್ರಕಾರ ಇ-ಕಾರ್ಟ್ ಹೊರಬಹುದಾದ್ದು 310 ಕೆಜಿ. ನನ್ನ 250 ಕೆಜಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಆದರೆ ಅದೇ ಕಾನೂನು ಅದಕ್ಕೆ ಗಂಟೆಗೆ 25 ಕಿ.ಮೀ. ಮೀರುವಂತಿಲ್ಲ ಎಂದೂ ಹೇಳುತ್ತದೆ. ಅದು ಓಣಿಯಿಂದ ಓಣಿಗೆ ಸಾಮಾನು ಮುಟ್ಟಿಸುವ ಗಾಡಿ. ನಮ್ಮದು ಪಿ.ಬಿ. ರಸ್ತೆ. ಭಾಮೈದ ಪಕ್ಕದಲ್ಲಿ ಕೂತು ಧೈರ್ಯ ಹೇಳುತ್ತಿದ್ದಂತೆ ಅದನ್ನು ಆ ರಸ್ತೆಗೆ ಇಳಿಸಿದೆ. ಹಿಂದಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದು, ದಾಟಿ ಹೋಗುವಾಗ ತಿರುಗಿ ನೋಡಿದ. ಕಬ್ಬಿನ ಟ್ರ್ಯಾಕ್ಟರಿನವನ ಕರುಣೆಗೆ ಪಾತ್ರನಾದ ಮೇಲೆ ಆ ವಿಷಯ ಅಲ್ಲಿಗೇ ಬಿಟ್ಟೆವು. ಸೀಟಿನ ಕೆಳಗಿದ್ದದ್ದು ಸೀಸದ ಬ್ಯಾಟರಿ. ದಿನವೂ ತಳದವರೆಗೆ ಖಾಲಿ ಮಾಡಿ ತುಂಬಿಸುವ ದುಡಿಮೆಯಲ್ಲಿ ಅದು ಬೇಗ ಸೋಲುತ್ತದೆ. ಒಂದೊಂದೂವರೆ ವರ್ಷಕ್ಕೆ ಹೊಸದು ಕೇಳುವುದುಂಟು. ಅರ್ಧ ರೇಟಿನ ಉಳಿದರ್ಧ ಹಾಗೆ ಕಂತಿನಲ್ಲಿ ಹೋಗುತ್ತದೆ.

ಮುಂದಿನ ಅಂಕ ಶೋರೂಮಿನದು. ನಾನೂ ನಮ್ಮಾಕೆಯೂ ಹೋದೆವು. ಮಾರುವ ಹುಡುಗ ಕ್ಯಾಲ್ಕುಲೇಟರನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟುಕೊಂಡೇ ಮಾತಾಡಿದ. ಡೀಸೆಲ್ ಗಾಡಿ ರಸ್ತೆಗಿಳಿಯುವಾಗ 3 ಲಕ್ಷ 30 ಸಾವಿರ. ಎಲೆಕ್ಟ್ರಿಕ್ 4 ಲಕ್ಷ 20 ಸಾವಿರ. ಹೆಚ್ಚುವರಿ 90 ಸಾವಿರ. ಆ ತೊಂಬತ್ತು ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಎಂಬುದೇ ಪ್ರಶ್ನೆ. ಇದು ಕೇಂದ್ರದ ಸಬ್ಸಿಡಿ ಕಳೆದ ಲೆಕ್ಕ. 2024ರ ಅಕ್ಟೋಬರಿನಲ್ಲಿ ಪಿಎಂ ಇ-ಡ್ರೈವ್ ಶುರುವಾದಾಗ ಬ್ಯಾಟರಿಯ ಒಂದೊಂದು ಯೂನಿಟ್ಟಿಗೆ 5,000 ರೂಪಾಯಿ ಇತ್ತು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿರುವಾಗ ಅದು 2,500ಕ್ಕೆ ಇಳಿಯಿತು. 8 ಯೂನಿಟ್ಟಿನ ಬ್ಯಾಟರಿಗೆ 20 ಸಾವಿರ ಹೋಯಿತು. ಅಷ್ಟು ದುಬಾರಿ ನೋಟ್‌ಬುಕ್ ನಮ್ಮ ಓಣಿಯಲ್ಲಿ ಇನ್ನೊಂದಿಲ್ಲ.

ಯೂನಿಟ್ ಅಂದರೆ ಬೇರೆ ಏನೂ ಅಲ್ಲ. ಬ್ಯಾಟರಿಯ ಮೇಲೆ ಬರೆಯುವ ಕಿಲೋವ್ಯಾಟ್ ಅವರ್ ಎಂಬುದು ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ. 8 ಯೂನಿಟ್ ಹಿಡಿಯುವ ಬ್ಯಾಟರಿ ತುಂಬಲು ಗೋಡೆಯ ಪ್ಲಗ್ಗಿನಿಂದ 9 ಯೂನಿಟ್ಟಾದರೂ ಎಳೆಯುತ್ತದೆ. ಒಂದಿಷ್ಟು ಚಾರ್ಜರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಅಷ್ಟರಲ್ಲಿ ಲೋಡಿಟ್ಟುಕೊಂಡು ನಿಜವಾಗಿ ಓಡುವುದು 75 ಕಿ.ಮೀ. ಕಾಗದದಲ್ಲಿ ನೂರರ ಮೇಲೆ ಬರೆದಿರುತ್ತಾರೆ. ಅದು ಪರೀಕ್ಷೆಯ ಕೋಣೆಯಲ್ಲಿ ಗೊತ್ತಾದ ವೇಗಕ್ಕೆ ಓಡಿಸಿ ಬಂದ ಅಂಕಿ. ಅಲ್ಲಿ ಹಂಪ್ ಇಲ್ಲ, ಎಮ್ಮೆ ಇಲ್ಲ, ಎದುರು ಗಾಳಿಯಿಲ್ಲ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಕಿಲೋಮೀಟರಿಗೆ 70 ಪೈಸೆ ಚಿಲ್ಲರೆ. ಡೀಸೆಲ್ ಗಾಡಿ ಲೀಟರಿಗೆ 26 ಕೊಟ್ಟರೂ ಮೂರೂವರೆ ರೂಪಾಯಿ. ಉಳಿತಾಯ ಕಿಲೋಮೀಟರಿಗೆ 2 ರೂಪಾಯಿ 80 ಪೈಸೆ.

"ದಿನಕ್ಕೆ ನೂರು ಕಿಲೋಮೀಟರ್ ಓಡ್ಸಿ ಸರ್, ತಿಂಗಳಿಗೆ ಮೂರು ಸಾವಿರ. ಎಂಟು ಸಾವಿರದ ನಾನೂರು ಉಳೀತದೆ. ಹನ್ನೊಂದು ತಿಂಗಳಿಗೆ ನಿಮ್ ದುಡ್ಡು ವಾಪಸ್!" ಎಂದ ಹುಡುಗ. ನಾನು ಆಗಲೇ ಹನ್ನೆರಡನೇ ತಿಂಗಳಲ್ಲಿದ್ದೆ.

ನಮ್ಮಾಕೆ ಸೆರಗಿನಿಂದ ಚೀಟಿ ತೆಗೆದಳು. "ಇವ್ರು ಬಾತಿಯಿಂದ ಭಟ್ಟಿಗೆ, ಭಟ್ಟಿಯಿಂದ ಹರಿಹರಕ್ಕೆ, ಹರಿಹರದಿಂದ ಮನೆಗೆ. ಅಂಗಡಿ ಸುತ್ತಿದ್ದೂ ಸೇರಿಸಿ ನಲವತ್ತು ಕಿಲೋಮೀಟರ್. ಭಾನುವಾರ ಮಲಗ್ತಾರೆ. ತಿಂಗಳಿಗೆ 26 ದಿನ."

ಹುಡುಗ ಕ್ಯಾಲ್ಕುಲೇಟರ್ ಒತ್ತಿದ. 1,040 ಕಿ.ಮೀ. ಉಳಿತಾಯ 2,900. ತೊಂಬತ್ತು ಸಾವಿರ ಬರಲು 31 ತಿಂಗಳು. ಕ್ಯಾಲ್ಕುಲೇಟರನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ.

ಎಲೆಕ್ಟ್ರಿಕ್ ಗಾಡಿಯ ಗುಟ್ಟೇ ಇದು. ಕೊಳ್ಳುವಾಗ ತುಟ್ಟಿ, ಓಡಿಸುವಾಗ ಸೋವಿ. ಹಾಗಾಗಿ ಅದು ದುಡಿಯುವುದು ಓಡಿದರೆ ಮಾತ್ರ. ನಿಂತ ಡೀಸೆಲ್ ಗಾಡಿ ಎಣ್ಣೆಯನ್ನಾದರೂ ಉಳಿಸುತ್ತದೆ. ನಿಂತ ಎಲೆಕ್ಟ್ರಿಕ್ ಗಾಡಿ ಬರೀ ಕಂತು ಕಟ್ಟಿಸುತ್ತದೆ.

"ಇನ್ನೊಂದು," ಎಂದಳು ನಮ್ಮಾಕೆ, "ನಮ್ದು ಜೀರೋ ಬಿಲ್."

ಇಲ್ಲಿ ನಾನು ನಿಜಕ್ಕೂ ಬೆವೆತೆ. ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗೆ ಬಿಲ್ ಬರುವುದು ಸೊನ್ನೆ. ಮನೆಯ ಖರ್ಚು ತಿಂಗಳಿಗೆ 110 ಯೂನಿಟ್. ಗಾಡಿಗೆ ಸೇರುವುದು 125. ಒಟ್ಟು 235. ಯೋಜನೆಯ ಕಟ್ಟುನಿಟ್ಟು ಎಲ್ಲರಿಗೂ ಗೊತ್ತು: ನಿಮಗೆ ನಿಗದಿಯಾದಷ್ಟು ಪುಕ್ಕಟೆ, ಅದರಾಚೆ 200ರವರೆಗೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು, 200 ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಪೂರ್ತಿ ಬಿಲ್. ಅಂದರೆ ಗಾಡಿ ತಾನು ಕುಡಿದ ಕರೆಂಟಿಗಷ್ಟೇ ಅಲ್ಲ, ನಮ್ಮ ಫ್ರಿಜ್ಜು, ಫ್ಯಾನು, ಅವ್ವನ ಧಾರಾವಾಹಿಗಳಿಗೂ ಬಿಲ್ ತರಿಸುತ್ತದೆ. ನಿಗದಿ ಶುಲ್ಕ ಸೇರಿಸಿ ತಿಂಗಳಿಗೆ 850 ರೂಪಾಯಿ ಉಳಿತಾಯದಿಂದ ಕಳೆಯಿತು. ಉಳಿದದ್ದು 2,050. ದುಡ್ಡು ವಾಪಸ್ ಬರಲು 44 ತಿಂಗಳು.

"ಬ್ಯಾಟರಿ ಗ್ಯಾರಂಟಿ ಎಷ್ಟು ವರ್ಷ ತಮ್ಮಾ?"

"ಮೂರು ವರ್ಷ ಅಥವಾ 80 ಸಾವಿರ ಕಿಲೋಮೀಟರ್, ಅಕ್ಕಾ. ಯಾವುದು ಮೊದಲೋ ಅದು." ಹುಡುಗ 'ಮೇಡಂ'ನಿಂದ 'ಅಕ್ಕ'ನಿಗೆ ಬಂದಿದ್ದ.

ನನ್ನ ಕಿವಿಗೆ 80 ಸಾವಿರ ಬಿತ್ತು, ಆಕೆಯ ಕಿವಿಗೆ ಮೂರು ವರ್ಷ ಬಿತ್ತು. ನಮ್ಮ ಓಟ ವರ್ಷಕ್ಕೆ ಹನ್ನೆರಡೂವರೆ ಸಾವಿರ ಕಿ.ಮೀ. ಮೂರು ವರ್ಷಕ್ಕೆ 38 ಸಾವಿರವೂ ಆಗುವುದಿಲ್ಲ. ಉಳಿದ 42 ಸಾವಿರ ಕಿಲೋಮೀಟರಿನ ಗ್ಯಾರಂಟಿ ಕಾಗದದಲ್ಲೇ ಹಣ್ಣಾಗುತ್ತದೆ. ಕಡಿಮೆ ಓಡಿಸುವವರು ಕಿಲೋಮೀಟರ್ ಬಿಟ್ಟು ವರ್ಷ ನೋಡಬೇಕು. ಅದೇ ಬೆಲೆಗೆ ಐದು ವರ್ಷ ಬರೆದುಕೊಡುವವರಿದ್ದರೆ ಅದೇ ಅಗ್ಗ. 36 ತಿಂಗಳ ಗ್ಯಾರಂಟಿಯ ಮೇಲೆ 44 ತಿಂಗಳ ಲೆಕ್ಕ ಕೂತಿದ್ದರೆ, ಕೊನೆಯ ಎಂಟು ತಿಂಗಳು ದೇವರ ಗ್ಯಾರಂಟಿ. ಹೊಸ ಬ್ಯಾಟರಿ ಲಕ್ಷದ ಮೇಲೆ.

ಒಂದು ಸಮಾಧಾನ ಮಾತ್ರ ಇತ್ತು. ಬ್ಯಾಟರಿ 'ಮುಗಿಯಿತು' ಎಂದರೆ ಒಂದು ಬೆಳಿಗ್ಗೆ ಕಣ್ಣು ಮುಚ್ಚುವುದಲ್ಲ. ಹಿಡಿಯುವ ಶಕ್ತಿ ಮೊದಲಿನ ಎಂಬತ್ತು ಭಾಗಕ್ಕೆ ಇಳಿಯುವುದು. 75 ಓಡುತ್ತಿದ್ದದ್ದು 60 ಓಡುತ್ತದೆ. ದಿನಕ್ಕೆ ನಲವತ್ತು ಓಡಿಸುವವನಿಗೆ ಮುದಿ ಬ್ಯಾಟರಿಯೂ ಸಂಸಾರ ತೂಗಿಸುತ್ತದೆ. ಇದನ್ನು ಹೇಳಿ ನಾನು ವಾದ ಗೆದ್ದೆ ಅಂದುಕೊಂಡೆ. "ಹಂಗಾದ್ರೆ ತಗೊಳ್ಳಿ" ಎಂದು ಆಕೆ ಅಂದದ್ದು ನಾನು ಗೆದ್ದದ್ದಕ್ಕಲ್ಲ, ಹೊಟ್ಟೆ ಹಸಿದದ್ದಕ್ಕೆ ಎಂದು ಆಮೇಲೆ ಬೆಣ್ಣೆದೋಸೆಯ ಹೋಟೆಲಿನಲ್ಲಿ ಗೊತ್ತಾಯಿತು.

ಗಾಡಿ ಬಂತು. ಯಾವ ಕಂಪನಿಯದೆಂದು ಹೇಳಲಾರೆ. 550 ಕೆಜಿ ಹೊರುವ ಮಧ್ಯಮ ವರ್ಗದ ಗಾಡಿ. ಹಸಿರು ನಂಬರ್ ಪ್ಲೇಟು, ಅದರ ಮೇಲೆ ಹಳದಿ ಅಕ್ಷರದಲ್ಲಿ ಕೆಎ 17. ಬ್ಯಾಟರಿ ಗಾಡಿಗಳಿಗೆ 2018ರಿಂದ ಪರ್ಮಿಟ್ಟಿನ ರಗಳೆ ಇಲ್ಲ. ಹಸಿರು ಪ್ಲೇಟು ನೋಡಿದ ನಮ್ಮವ್ವನ ಗೆಳತಿಯೊಬ್ಬರು ಮಗನಿಗೆ ಕೃಷಿ ಇಲಾಖೆಯಲ್ಲಿ ಕೆಲಸ ಸಿಕ್ಕಿತೇ ಎಂದು ವಿಚಾರಿಸಿದರು. ಅವ್ವ ಇಲ್ಲ ಎನ್ನಲಿಲ್ಲ.

ಗಾಡಿಗೆ ಮುಚ್ಚಿದ ಡಬ್ಬ ಇರಲಿ ಎಂದು ನಮ್ಮಾಕೆ ಮೊದಲೇ ಹೇಳಿದ್ದಳು. ನಾನು ತೆರೆದ ತೊಟ್ಟಿಯನ್ನೇ ಹಿಡಿದೆ. ಡಬ್ಬದೊಳಗಿನ ಲೋಡು ಯಾರಿಗೂ ಕಾಣುವುದಿಲ್ಲ. ವ್ಯಾಪಾರ ಜೋರಾಗಿದೆ ಎಂದು ಜನಕ್ಕೆ ತಿಳಿಯುವುದು ಹೇಗೆ? ಮೊದಲ ವಾರ ಚೀಲಗಳನ್ನು ಆಳೆತ್ತರ ಪೇರಿಸಿ, ತಾಡಪಾಲು ಹೊದಿಸಿ, ಪಿ.ಬಿ. ರಸ್ತೆಯಲ್ಲಿ 45ರ ವೇಗದಲ್ಲಿ ಮೆರವಣಿಗೆ ಹೊರಟೆ. ಜೂನ್ ತಿಂಗಳು. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ಹರಿಹರ ಇರುವುದೂ ಪಡುವಣಕ್ಕೇ. 250 ಕೆಜಿಯ ಹಗುರ ಲೋಡಿಗೆ ಬ್ಯಾಟರಿಯ ಶೇಕಡಾವಾರು ಕಣ್ಣೆದುರೇ ಕರಗತೊಡಗಿತು. ಗಾಡಿಯಲ್ಲಿ ದೋಷವಿದೆ ಎಂದು ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಗದರಿದೆ.

ಮೆಕ್ಯಾನಿಕ್ ಹುಡುಗ ಬಂದು ಗಾಡಿ ನೋಡಲೇ ಇಲ್ಲ, ಚೀಲದ ಎತ್ತರ ನೋಡಿ ನಕ್ಕ. ತೂಕದ ಲೋಡು ಚಕ್ರವನ್ನು ನೆಲಕ್ಕೆ ಒತ್ತುತ್ತದೆ ಅಷ್ಟೇ. ಸಮತಟ್ಟು ರಸ್ತೆಯಲ್ಲಿ ಅದಕ್ಕೆ ಹೆಚ್ಚು ಕರೆಂಟ್ ಬೇಡ. ಎತ್ತರದ ಲೋಡು ಗಾಳಿಗೆ ಎದೆ ಕೊಟ್ಟು ನಿಲ್ಲುತ್ತದೆ. ಗಾಳಿಯ ತಡೆ ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ, ಅದರ ಮೇಲೆ ಎದುರು ಗಾಳಿಯ ವೇಗವೂ ಗಾಡಿಯ ವೇಗಕ್ಕೆ ಕೂಡಿಕೊಳ್ಳುತ್ತದೆ. ನಮ್ಮ ಈ ಬಯಲು ರಸ್ತೆಯಲ್ಲಿ ಐದು ಕ್ವಿಂಟಲ್ ಅಕ್ಕಿಗಿಂತ ಎರಡೂವರೆ ಕ್ವಿಂಟಲ್ ಮಂಡಕ್ಕಿಯೇ ಬ್ಯಾಟರಿಗೆ ಭಾರವಾಗಬಹುದು. "ಚೀಲ ಕ್ಯಾಬಿನ್ ಮಟ್ಟಕ್ಕೆ ಇಳ್ಸಿ, ಮೂವತ್ತರಲ್ಲಿ ಹೋಗಿ ಅಂಕಲ್" ಎಂದ. ಮೂವತ್ತರಲ್ಲಿ ಹೋದರೆ ಕಬ್ಬಿನ ಟ್ರ್ಯಾಕ್ಟರಿನವನು ಮತ್ತೆ ಸಿಗುತ್ತಾನಲ್ಲ ಎಂಬ ನನ್ನ ಸಂಕಟ ಅವನಿಗೆ ಗೊತ್ತಾಗಲಿಲ್ಲ. ಅದೇ ವಾರ ಬಿದ್ದ ಮಳೆಗೆ ತಾಡಪಾಲಿನ ಒಂದು ಮೂಲೆ ಹಾರಿ, ಮೂರು ಚೀಲ ಮಂಡಕ್ಕಿ ಅಲ್ಲೇ ಒಗ್ಗರಣೆಗೆ ಸಿದ್ಧವಾದಂತೆ ಮೆತ್ತಗಾಯಿತು. ನಮ್ಮ ಮನೆಯಲ್ಲಿ ಆ ವಾರವೆಲ್ಲ ಬೆಳಿಗ್ಗೆ ಸೂಸಲವೇ.

ಇತ್ತ 200 ಯೂನಿಟ್ಟಿನ ಯುದ್ಧ. 35 ಯೂನಿಟ್ ಉಳಿಸಿದರೆ ಗಡಿಯೊಳಗೇ ಇರಬಹುದು ಎಂಬುದು ನನ್ನ ಯೋಜನೆ. ರಾತ್ರಿ ಎದ್ದು ಫ್ಯಾನ್ ಆರಿಸುತ್ತಿದ್ದೆ. ಐದು ನಿಮಿಷಕ್ಕೆ ಅವ್ವ ಎದ್ದು ಹಾಕುತ್ತಿದ್ದಳು. ಮೀಟರ್ ಓದುವವನು ಬರುವ ದಿನ ಹತ್ತಿರ ಬಂದಾಗ ಗಾಡಿಯನ್ನೂ ಅರ್ಧ ಹೊಟ್ಟೆಗೆ ಇಟ್ಟೆ. ಚಾರ್ಜ್ 55 ತೋರಿಸುತ್ತಿದ್ದಾಗಲೇ ಪ್ಲಗ್ ಕಿತ್ತು ಹೊರಟೆ. ಲೆಕ್ಕಕ್ಕೆ ಅದು ನಲವತ್ತು ಕಿಲೋಮೀಟರಿಗೆ ಸರಿಯಾಗಿತ್ತು. ಗಾಳಿಗೆ ಲೆಕ್ಕ ಗೊತ್ತಿರಲಿಲ್ಲ.

ವಾಪಸ್ ಬರುವಾಗ ಬಾತಿ ಕೆರೆ ಕಾಣುವ ಹೊತ್ತಿಗೆ ಮೀಟರಿನಲ್ಲಿ 21 ಇತ್ತು. ಸಾಕಷ್ಟಾಯಿತು ಎಂದು ಶಿಳ್ಳೆ ಹಾಕಿದೆ. ಶಿಳ್ಳೆ ಮುಗಿಯುವುದರೊಳಗೆ 8. ಈ ಲಿಥಿಯಂ ಫಾಸ್ಫೇಟ್ ಬ್ಯಾಟರಿಗಳ ಗುಣವೇ ಹಾಗಂತೆ. ತುಂಬಿದ್ದಾಗಲೂ ಅರ್ಧ ಇಳಿದಾಗಲೂ ವೋಲ್ಟೇಜು ಹೆಚ್ಚುಕಡಿಮೆ ಒಂದೇ ಇರುತ್ತದೆ. ಎಷ್ಟು ಉಳಿದಿದೆ ಎಂದು ಮೀಟರ್ ಅಂದಾಜಿನ ಮೇಲೆ ಹೇಳುತ್ತದೆ, ತಳ ಮುಟ್ಟುವಾಗ ಒಮ್ಮೆಲೇ ನಿಜ ನುಡಿಯುತ್ತದೆ. ಅಂದಾಜು ಸರಿಯಾಗಿರಬೇಕಾದರೆ ಆಗಾಗ ಪೂರ್ತಿ ನೂರರವರೆಗೆ ತುಂಬಿಸಬೇಕು. ನಾನೋ ಅರ್ಧರ್ಧ ತುಂಬಿಸುವ ಮಿತವ್ಯಯಿ. ಗಾಡಿ ತನ್ನನ್ನು ತಾನು ಉಳಿಸಿಕೊಳ್ಳಲು ವೇಗವನ್ನು ಹತ್ತಕ್ಕಿಳಿಸಿತು. ಎಮ್ಮೆ ಮೇಯಿಸಿಕೊಂಡು ಮನೆಗೆ ಹೊರಟಿದ್ದ ಹುಡುಗ ನನ್ನ ಜೊತೆಜೊತೆಗೇ ನಡೆದು ಬಂದ, ಪಾಪ, ಮಾತಿಗೆ ಜೊತೆಯಾಗಲಿ ಎಂದು. ಊರಿನವರೆಲ್ಲ ಕೈ ಎತ್ತಿ ಮಾತಾಡಿಸುವಷ್ಟು ನಿಧಾನವಾಗಿ ನಾನು ಊರು ಸೇರಿದೆ.

ಮಾರನೇ ದಿನ ಮೀಟರ್ ಓದಿದರು. 204. ಆ ನಾಲ್ಕು ಯೂನಿಟ್ಟಿಗೆ ಸಾವಿರದ ಇನ್ನೂರು ದಾಟಿದ ಬಿಲ್ ಬಂತು. ಅವ್ವ ಫ್ಯಾನಿನ ಕಡೆ ನೋಡಲಿಲ್ಲ, ಮಿಕ್ಸಿಯ ಕಡೆ ನೋಡಿದಳು. ನಮ್ಮಾಕೆ ಮಿಕ್ಸಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

ಆಮೇಲಿನ ಆಡಳಿತವೆಲ್ಲ ಆಕೆಯದೇ. ಗಾಡಿ ಚಾರ್ಜಿಗೆ ಬೇರೆ ಮೀಟರ್ ಬಂತು. ಅದಕ್ಕೂ ತಿಂಗಳ ನಿಗದಿ ಶುಲ್ಕ ಉಂಟು, ಆದರೆ ಮನೆಯ ಬಿಲ್ ಮತ್ತೆ ಸೊನ್ನೆ. ತೊಟ್ಟಿಯ ಮೇಲೆ ಮುಚ್ಚಿದ ಡಬ್ಬ ಬಂತು. ನನ್ನ ಲೋಡು ಊರ ಕಣ್ಣಿಗೆ ಮರೆಯಾಯಿತು. ಮುಖ್ಯವಾಗಿ, ದಿನಕ್ಕೆ ಎರಡನೇ ಸುತ್ತು ಬಂತು. ಭಾಮೈದ ಈ ಸಲ ಕೆಲಸಕ್ಕೆ ಬಂದ. ಹರಿಹರದ ಕಡೆಯ ಅಕ್ಕಿ ಮಿಲ್ಲೊಂದರಿಂದ ದಾವಣಗೆರೆಯ ಅಂಗಡಿಗಳಿಗೆ 25 ಕೆಜಿ ಪ್ಯಾಕೆಟ್ ಮುಟ್ಟಿಸುವ ಬಾಡಿಗೆ ಗೊತ್ತು ಮಾಡಿದ. ದಿನದ ಓಟ 70 ಕಿ.ಮೀ. ಆಯಿತು. ತಿಂಗಳಿಗೆ 1,820. ಉಳಿತಾಯ 5,000 ದಾಟಿತು, ತೊಂಬತ್ತು ಸಾವಿರದ ಲೆಕ್ಕ 18 ತಿಂಗಳಿಗೆ ಇಳಿಯಿತು.

ಆದರೆ 75 ಓಡುವ ಬ್ಯಾಟರಿಯಲ್ಲಿ 70 ಓಡಿಸುವುದೆಂದರೆ ಎಮ್ಮೆ ಹುಡುಗನ ಜೊತೆ ಮತ್ತೆ ಮಾತುಕತೆ. ಇಲ್ಲಿ ಬಾತಿ ನಮ್ಮ ಕೈ ಹಿಡಿಯಿತು. ಎರಡೂರಿನ ನಡುವೆ ಇರುವುದರಿಂದ ಮಧ್ಯಾಹ್ನ ಗಾಡಿ ಮನೆ ಮುಂದೆಯೇ ಬಂದು ನಿಲ್ಲುತ್ತದೆ. ನಮ್ಮ ಚಾರ್ಜರ್ ಪೂರ್ತಿ ತುಂಬಿಸಲು ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಒಂದೂವರೆ ಗಂಟೆ ಚುಚ್ಚಿದರೆ ಇಪ್ಪತ್ತೈದು ಕಿಲೋಮೀಟರಿನಷ್ಟು ಸೇರುತ್ತದೆ. ಬಿಸಿಲಲ್ಲಿ ಓಡಿ ಬಂದ ಬ್ಯಾಟರಿಗೆ ತಕ್ಷಣ ಚುಚ್ಚಬಾರದು. ಬಿಸಿಯೇ ಅದರ ಆಯಸ್ಸು ತಿನ್ನುವುದು. ಅರ್ಧ ಗಂಟೆ ನೆರಳಲ್ಲಿ ಆರಬೇಕು. ಹೀಗಾಗಿ ಅರ್ಧ ಗಂಟೆ ಊಟ, ಒಂದೂವರೆ ಗಂಟೆ ನಿದ್ದೆ ನನ್ನ ವೃತ್ತಿಯ ಅನಿವಾರ್ಯ ಭಾಗವಾದವು. "ಮಲಗಿದ್ದಾರಾ?" ಎಂದು ಯಾರಾದರೂ ಕೇಳಿದರೆ "ಚಾರ್ಜಿಂಗ್ ನಡೀತಾ ಐತೆ" ಎಂದು ನಮ್ಮಾಕೆ ಹೇಳುತ್ತಾಳೆ. ನನ್ನ ಬಗ್ಗೆಯೋ ಗಾಡಿಯ ಬಗ್ಗೆಯೋ ಎಂದು ನಾನು ಕೆದಕಲು ಹೋಗಿಲ್ಲ.

ಅಕ್ಕಿ ಬಂದ ಮೇಲೆ ತೂಕದ ಪ್ರಶ್ನೆ ಮತ್ತೆ ಎದ್ದಿತು. ಡಬ್ಬಕ್ಕೇ ಒಂದು ಕ್ವಿಂಟಲ್ ಹೋಯಿತು. 550ರಲ್ಲಿ ಉಳಿದದ್ದು 450. ಹದಿನೆಂಟು ಪ್ಯಾಕೆಟ್. ಮಿಲ್ಲಿನ ಹಮಾಲರು "ಏನ್ ಯಜಮಾನ್ರೇ, ಗಾಡಿ ಇಷ್ಟೇನಾ?" ಎಂದರು. ಆ ಒಂದು ಮಾತಿಗೆ 24 ಪ್ಯಾಕೆಟ್ ಹಾಕಿಸಿಕೊಂಡೆ. ಆರು ಕ್ವಿಂಟಲ್. ಸಮತಟ್ಟಿನಲ್ಲಿ ಗಾಡಿ ಚಕಾರ ಎತ್ತಲಿಲ್ಲ. ಹಿಂದೆ ಭಾರ ಹೆಚ್ಚಾಗಿ ಹ್ಯಾಂಡಲ್ ಹಗುರವಾದದ್ದು ನನಗೆ ಸುಖವಾಗಿಯೇ ಇತ್ತು. ಮುಂದಿನ ಚಕ್ರ ನೆಲ ಬಿಡಲು ತಯಾರಾಗಿದೆ ಎಂಬುದರ ಗುರುತು ಅದು ಎಂದು ತಿಳಿದದ್ದು ಆಮೇಲೆ. ಮೇನ್ ರೋಡಿಗೆ ಹತ್ತುವ ಏರಿನಲ್ಲಿ ಮೋಟರ್ ಕಾದು, ಕೆಂಪು ದೀಪ ಹತ್ತಿ, ಗಾಡಿ ನಿಂತೇಬಿಟ್ಟಿತು. ಬ್ಯಾಟರಿಯಲ್ಲಿ 70 ಇತ್ತು, ಮೋಟರಿಗೆ ಉಸಿರಿರಲಿಲ್ಲ. ಆರು ಪ್ಯಾಕೆಟ್ ಇಳಿಸಿ ರಸ್ತೆ ಬದಿಗಿಟ್ಟು, ಅವುಗಳ ಮೇಲೆ ನಾನೇ ಕಾವಲು ಕೂತು, ಭಾಮೈದನಿಗೆ ಫೋನ್ ಮಾಡಿದೆ. ಅವನು ಅಕ್ಕನನ್ನು ಕರೆದುಕೊಂಡೇ ಬಂದ.

"ಅದಕ್ಕೇ ನಾನು ಅವತ್ತೇ 688 ಅಂದಿದ್ದು" ಎಂದೆ ಅಕ್ಕಿಯ ಮೇಲಿಂದ.

"ನೀವಂದಿದ್ದು ಮಂಡಕ್ಕಿಗೆ" ಎಂದಳು.

ಈಗ ಉಳಿದಿರುವ ತೊಂದರೆ ನೆಂಟರದು. ಡೀಸೆಲ್ ಗಾಡಿಯಾಗಿದ್ದರೆ ಕೇಳುವವರು ನೂರು ರೂಪಾಯಿ ಎಣ್ಣೆಗಾದರೂ ಕೊಡುತ್ತಿದ್ದರು. ಇದು ಕರೆಂಟಿನಲ್ಲಿ ಓಡುವುದರಿಂದ ಪುಕ್ಕಟೆ ಓಡುತ್ತದೆಂದು ನಮ್ಮ ಇಡೀ ಬಳಗ ನಂಬಿದೆ. ಚಿಕ್ಕಪ್ಪನ ಬೀರು, ಬೀಗರ ಮಂಚ, ಯಾರದೋ ಗೃಹಪ್ರವೇಶದ ಪಾತ್ರೆ. ಕಿಲೋಮೀಟರಿಗೆ ಎಪ್ಪತ್ತು ಪೈಸೆ ಕರೆಂಟು ನಿಜ. ಆದರೆ ನಾಳೆ ಬ್ಯಾಟರಿ ಬದಲಿಸುವ ಲಕ್ಷದ ಇಪ್ಪತ್ತು ಸಾವಿರವನ್ನು ಅದು ಓಡಬಹುದಾದ ಲಕ್ಷ ಕಿಲೋಮೀಟರಿಗೆ ಹಂಚಿದರೆ ಇನ್ನೊಂದು ರೂಪಾಯಿ ಇಪ್ಪತ್ತು ಪೈಸೆ ಅದರ ಹಿಂದೆ ಅಡಗಿ ಕೂತಿದೆ. ಹುಡುಗನ ಕ್ಯಾಲ್ಕುಲೇಟರಿನಲ್ಲೂ ಇದು ಬಂದಿರಲಿಲ್ಲ, ನನ್ನ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ನಮ್ಮಾಕೆ ಅದಕ್ಕೊಂದು ಲೆಕ್ಕದ ಪುಸ್ತಕ ಇಟ್ಟಿದ್ದಾಳೆ. ಪುಕ್ಕಟೆ ಓಡಿಸಿದ ಪ್ರತಿ ಕಿಲೋಮೀಟರಿಗೆ ಎರಡು ರೂಪಾಯಿಯಂತೆ ನನ್ನ ಹೆಸರಿಗೆ ಖರ್ಚು ಬರೆಯುತ್ತಾಳೆ. ಹದಿನೆಂಟು ತಿಂಗಳ ಲೆಕ್ಕ ಸದ್ಯ ಇಪ್ಪತ್ತೆರಡಕ್ಕೆ ಬಂದು ನಿಂತಿದೆ.

ಗಾಡಿ ಕೊಳ್ಳುವ ಮನಸ್ಸಿರುವ ಮಿತ್ರರೇ, ಶೋರೂಮಿಗೆ ಹೋಗುವಾಗ ಎರಡು ಕಾಗದ ಜೇಬಿನಲ್ಲಿರಲಿ: ತಿಂಗಳಿಗೆ ನೀವು ನಿಜವಾಗಿ ಎಷ್ಟು ಕಿಲೋಮೀಟರ್ ಓಡುತ್ತೀರಿ ಎಂಬ ಚೀಟಿ, ಮತ್ತು ಮನೆಯ ಕರೆಂಟ್ ಬಿಲ್. ಗ್ಯಾರಂಟಿಯಲ್ಲಿ ವರ್ಷ ಕೇಳಿ, ಡಬ್ಬ ಹಾಕಿದ ಮೇಲೆ ಎಷ್ಟು ಕೆಜಿ ಉಳಿಯುತ್ತದೆ ಎಂದು ಕೇಳಿ. ಮನೆಯಾಕೆಯನ್ನು ಕರೆದೊಯ್ಯಬೇಕೋ ಬೇಡವೋ ಎಂದು ಕೇಳಬೇಡಿ. ಅದನ್ನು ತೀರ್ಮಾನಿಸುವವರು ನೀವಲ್ಲ.